ಏರಿಯಾದ ಬ್ಯೂಟಿ ಪಾರ್ಲರ್‌ನ ಮೊದಲ ಜಾಹೀರಾತು: ದಿನಕ್ಕೆ ಎಷ್ಟು ಹಾಕಬೇಕು, ಯಾರಿಗೆ ತೋರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಲರ್ ನಡೆಸುವವರು ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಕಮೆಂಟ್‌ಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಎಲ್ಲವೂ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಜಾಹೀರಾತಿನ ಬಗ್ಗೆ. ಜನ ಜಾಹೀರಾತು ನೋಡಿ ವಾಟ್ಸಾಪ್‌ಗೆ ಮೆಸೇಜ್ ಮಾಡುವ ಬಗೆಯನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ನಮ್ಮ ಕಡೆ ಪಾರ್ಲರ್ ಬುಕಿಂಗ್ ಹೆಚ್ಚಾಗಿ ನಡೆಯುವುದು ಅಲ್ಲೇ. ಉದಾಹರಣೆಗೆ ಮೈಸೂರಿನ ಕುವೆಂಪುನಗರದಲ್ಲಿ ಎರಡು ಕುರ್ಚಿಯ ಲೇಡೀಸ್ ಪಾರ್ಲರ್ ಒಂದನ್ನು ಕಲ್ಪಿಸಿಕೊಳ್ಳೋಣ. ಕೆಲಸಕ್ಕೆ ಓನರ್ ಮತ್ತು ಒಬ್ಬ ಹುಡುಗಿ. ಶನಿವಾರ, ಭಾನುವಾರ ಪುರುಸೊತ್ತಿಲ್ಲ. ಉಳಿದ ದಿನ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಕುರ್ಚಿ ಖಾಲಿ.

## ಶುರು ಮಾಡುವ ಮುಂಚೆ

ಪೋಸ್ಟ್ ಕೆಳಗೆ ಬೂಸ್ಟ್ ಬಟನ್ ಇದೆಯಲ್ಲ, ಅದನ್ನೇ ಒತ್ತಿದರೆ ಸಾಲದಾ?

ಒತ್ತಬಹುದು. ಆದರೆ ನಿಮಗೆ ಏನು ಬೇಕು ಎಂದು ಸರಿಯಾಗಿ ಹೇಳದೆ ಒತ್ತಿದರೆ ಲೈಕ್ ಬರುತ್ತದೆ, ಜನ ಬರುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡನ್ನೂ ನಡೆಸುವ ಕಂಪನಿ ಮೆಟಾ. ಅದರ ವ್ಯವಸ್ಥೆ ನೀವು ಕೇಳಿದ್ದನ್ನೇ ಹುಡುಕಿ ತರುತ್ತದೆ. ಪ್ರೊಫೈಲ್ ನೋಡುವವರು ಬೇಕು ಎಂದರೆ ನೋಡಿ ಹೋಗುವವರನ್ನು ಹುಡುಕುತ್ತದೆ. ಮೆಸೇಜ್ ಬೇಕು ಎಂದರೆ ಮೆಸೇಜ್ ಮಾಡುವ ಅಭ್ಯಾಸ ಇರುವವರನ್ನು ಹುಡುಕುತ್ತದೆ.

ಹಾಗಾಗಿ ಕಂಪ್ಯೂಟರ್‌ನಲ್ಲಿ ಮೆಟಾದ ಜಾಹೀರಾತು ಪುಟವಾದ Ads Manager ತೆರೆದು, ಜಾಹೀರಾತಿನ ಉದ್ದೇಶ ಕೇಳಿದಾಗ Engagement ಆರಿಸಿ, ಜನ ತಲುಪಬೇಕಾದ ಜಾಗ ವಾಟ್ಸಾಪ್ ಎಂದು ಕೊಡಿ. ಸ್ಥಳ, ವಯಸ್ಸು, ಬಜೆಟ್ ಎಲ್ಲದರ ಮೇಲೂ ಅಲ್ಲಿ ಹೆಚ್ಚು ಹಿಡಿತ ಇರುತ್ತದೆ. ಇನ್ನೊಂದು ಮಾತು. ಐಫೋನ್ ಆ್ಯಪ್ ಒಳಗಿಂದಲೇ ಬೂಸ್ಟ್ ಮಾಡಿದರೆ ಆಪಲ್‌ನ 30% ಶುಲ್ಕ ಮೇಲೆ ಬೀಳಬಹುದು. ಬ್ರೌಸರ್‌ನಿಂದ ಮಾಡಿದರೆ ಆ ಶುಲ್ಕ ಇಲ್ಲ.

ಯಾವ ಸರ್ವಿಸ್‌ಗೆ ಜಾಹೀರಾತು ಕೊಡಲಿ? ನಮ್ಮಲ್ಲಿ ಎಲ್ಲಾ ಮಾಡ್ತೀವಿ.

ಎಲ್ಲವನ್ನೂ ಒಂದೇ ಪೋಸ್ಟರ್‌ಗೆ ತುಂಬಬೇಡಿ, ಒಂದನ್ನು ಆರಿಸಿ. ಜಾಹೀರಾತಿನ ಖರ್ಚು ಕಳೆದ ಮೇಲೂ ಏನಾದರೂ ಉಳಿಯುವ ಸರ್ವಿಸ್ ಆಗಿರಬೇಕು. ಥ್ರೆಡಿಂಗ್‌ಗೆ ₹50 ತೆಗೆದುಕೊಂಡರೆ ಅದರಲ್ಲಿ ಜಾಹೀರಾತಿನ ದುಡ್ಡು ಹುಟ್ಟುವುದಿಲ್ಲ. ಫೇಶಿಯಲ್, ಹೇರ್ ಸ್ಪಾ, ಫುಲ್ ಆರ್ಮ್ಸ್ ವ್ಯಾಕ್ಸಿಂಗ್ ಜೊತೆ ಕ್ಲೀನಪ್, ಇಂಥವು ನಡೆಯುತ್ತವೆ. ತಿಂಗಳು, ಒಂದೂವರೆ ತಿಂಗಳಿಗೆ ಮತ್ತೆ ಮಾಡಿಸುವಂಥದ್ದಾದರೆ ಇನ್ನೂ ಒಳ್ಳೆಯದು, ಒಮ್ಮೆ ಬಂದವರು ತಾವಾಗಿಯೇ ಮತ್ತೆ ಬರುತ್ತಾರೆ.

## ದಿನದ ಬಜೆಟ್

ದಿನಕ್ಕೆ ₹100 ಹಾಕಿದ್ರೆ ಸಾಕಾ? ಎಲ್ಲರೂ ಒಂದೊಂದು ಹೇಳ್ತಾರೆ, ಎಷ್ಟು ಅಂತ ಹೇಗೆ ಗೊತ್ತಾಗೋದು?

ಬೇರೆಯವರು ಎಷ್ಟು ಹಾಕುತ್ತಾರೆ ಎಂದು ಕೇಳಿ ಪ್ರಯೋಜನವಿಲ್ಲ. ಲೆಕ್ಕ ನಿಮ್ಮ ಖಾಲಿ ಕುರ್ಚಿಯಿಂದ ಶುರುವಾಗಬೇಕು. ವಾರದ ನಡುವಿನ ಮಧ್ಯಾಹ್ನಗಳಲ್ಲಿ ಎಷ್ಟು ಹೊಸ ಕಸ್ಟಮರ್‌ಗಳನ್ನು ನಿಜವಾಗಿ ನೋಡಿಕೊಳ್ಳಬಲ್ಲಿರಿ? ನಮ್ಮ ಕುವೆಂಪುನಗರದ ಪಾರ್ಲರ್‌ಗೆ ವಾರಕ್ಕೆ ಒಂಬತ್ತು ಜನ ಸಾಕು ಎಂದುಕೊಳ್ಳೋಣ.

ಈಗ ಹಿಂದಕ್ಕೆ ಎಣಿಸಿ. ಅಪಾಯಿಂಟ್‌ಮೆಂಟ್ ಹೇಳಿದ ನಾಲ್ವರಲ್ಲಿ ಮೂವರು ಬರುತ್ತಾರೆ ಎಂದಿಟ್ಟುಕೊಂಡರೆ ಹನ್ನೆರಡು ಅಪಾಯಿಂಟ್‌ಮೆಂಟ್ ಬೇಕು. ಮೆಸೇಜ್ ಮಾಡಿದ ನಾಲ್ವರಲ್ಲಿ ಒಬ್ಬರು ಸಮಯ ನಿಗದಿ ಮಾಡುತ್ತಾರೆ ಎಂದರೆ ಸುಮಾರು 50 ಮೆಸೇಜ್ ಬೇಕು. ಒಂದು ಮೆಸೇಜ್‌ಗೆ ₹35 ಬಿದ್ದರೆ ವಾರಕ್ಕೆ ₹1750, ಅಂದರೆ ದಿನಕ್ಕೆ ₹250. ಇದರ ಮೇಲೆ 18% ಜಿಎಸ್‌ಟಿ ಇದೆ, ಅದು ₹315. ಒಟ್ಟು ₹2065. ಬಂದವರು ಒಂಬತ್ತು ಜನ, ಹಾಗಾಗಿ ಒಬ್ಬರನ್ನು ಕುರ್ಚಿಗೆ ಕರೆತರಲು ಸುಮಾರು ₹229.

ಇದು ನಮಗೆ ಕಟ್ಟುತ್ತದಾ? ಫೇಶಿಯಲ್ ₹900 ಎನ್ನಿ. ಕ್ರೀಮು, ಪ್ಯಾಕು, ಟವೆಲ್ ಎಲ್ಲಾ ಸೇರಿ ₹200, ಕೆಲಸದ ಹುಡುಗಿಯ ಪಾಲು ₹200. ಉಳಿಯುವುದು ₹500. ಅದರಲ್ಲಿ ₹229 ಜಾಹೀರಾತಿಗೆ ಹೋದರೂ ಮೊದಲ ಭೇಟಿಯಲ್ಲೇ ₹271 ಕೈಯಲ್ಲಿರುತ್ತದೆ. ಬಾಡಿಗೆ, ಕರೆಂಟು ಕುರ್ಚಿ ಖಾಲಿ ಇದ್ದರೂ ಕಟ್ಟುವಂಥದ್ದೇ, ಅದನ್ನು ಇಲ್ಲಿ ಸೇರಿಸಿಲ್ಲ.

₹35, ನಾಲ್ವರಲ್ಲಿ ಒಬ್ಬರು, ಇವೆಲ್ಲ ಲೆಕ್ಕ ತೋರಿಸಲು ಇಟ್ಟ ಅಂಕಿಗಳು. ನಿಮ್ಮ ಊರಿನಲ್ಲಿ ಬೇರೆ ಇರುತ್ತವೆ, ಎರಡು ವಾರ ಓಡಿಸಿದರೆ ನಿಮ್ಮದೇ ಅಂಕಿ ಸಿಗುತ್ತದೆ. ₹100 ಹಾಕಿದರೂ ತಪ್ಪಿಲ್ಲ. ಆದರೆ ಇದೇ ದರದಲ್ಲಿ ವಾರಕ್ಕೆ 20 ಮೆಸೇಜ್, ಬರುವವರು ಮೂರೋ ನಾಲ್ಕೋ ಜನ. ಅಷ್ಟು ಕಡಿಮೆ ಜನರನ್ನು ನೋಡಿ ಜಾಹೀರಾತು ಕೆಲಸ ಮಾಡಿತೋ ಇಲ್ಲವೋ ಹೇಳುವುದು ಕಷ್ಟ. ₹100 ಮಾತ್ರ ಸಾಧ್ಯ ಎಂದರೆ ಎರಡು ವಾರದ ಬದಲು ಒಂದು ತಿಂಗಳಾದರೂ ಬಿಡಿ.

ನನ್ನ ಹತ್ರ ₹5000 ಇದೆ. ಒಂದೇ ವಾರದಲ್ಲಿ ಹಾಕಿ ಮುಗಿಸಲಾ, ಇಲ್ಲಾ ತಿಂಗಳು ಪೂರ್ತಿ ಎಳೆಯಲಾ?

ಎರಡೂ ಬೇಡ, ನಡುವಿನದ್ದು ಹಿಡಿಯಿರಿ. ಎರಡು ವಾರ, ದಿನಕ್ಕೆ ₹250. ಅದು ₹3500, ಜಿಎಸ್‌ಟಿ ಸೇರಿ ₹4130. ಉಳಿದದ್ದನ್ನು ಮೂರನೇ ವಾರಕ್ಕೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಯಾವ ಫೋಟೋ ನಡೆಯಿತು, ಯಾವ ಏರಿಯಾದವರು ಬಂದರು ಎಂದು ಗೊತ್ತಾಗಿರುತ್ತದೆ.

ಒಂದೇ ವಾರಕ್ಕೆ ಸುರಿದರೆ ಇನ್ನೊಂದು ತೊಂದರೆ ಇದೆ. ದಿನಕ್ಕೆ ಇಪ್ಪತ್ತು ಮೆಸೇಜ್ ಬಂದರೆ ಕೈಯಲ್ಲಿ ವ್ಯಾಕ್ಸ್ ಹಿಡಿದುಕೊಂಡು ಉತ್ತರಿಸುವವರು ಯಾರು? ಉತ್ತರ ಸಂಜೆಗೆ ಹೋದರೆ ಅವರು ಅಷ್ಟರಲ್ಲಿ ಪಕ್ಕದ ರಸ್ತೆಯ ಪಾರ್ಲರ್‌ಗೆ ಹೋಗಿರುತ್ತಾರೆ. ದಿನಕ್ಕೆ ಏಳೆಂಟು ಮೆಸೇಜ್ ಆದರೆ ಇಬ್ಬರೇ ಇರುವ ಪಾರ್ಲರ್ ನಿಭಾಯಿಸಬಹುದು. ಬಜೆಟ್‌ಗೆ ಮೇಲ್ಮಿತಿ ಹಾಕುವುದು ನಿಮ್ಮ ಹಣಕ್ಕಿಂತ ಮೊದಲು ನಿಮ್ಮ ಉತ್ತರಿಸುವ ಶಕ್ತಿ.

₹250 ಅಂತ ಇಟ್ಟಿದ್ದೆ, ನಿನ್ನೆ ₹410 ಹೋಗಿದೆ! ಮೋಸ ಅಲ್ವಾ ಇದು?

ಮೋಸ ಅಲ್ಲ, ಅವರ ನಿಯಮವೇ ಹಾಗಿದೆ. ದಿನದ ಬಜೆಟ್ ಎಂದರೆ ಮೆಟಾದ ಲೆಕ್ಕದಲ್ಲಿ ಸರಾಸರಿ. ಒಳ್ಳೆಯ ಅವಕಾಶ ಕಂಡ ದಿನ ಅದು 75% ಜಾಸ್ತಿ ಖರ್ಚು ಮಾಡಬಹುದು. ₹250 ಇಟ್ಟರೆ ಒಂದು ದಿನ ₹437ರವರೆಗೂ ಹೋಗಬಹುದು. ಇನ್ನೊಂದು ದಿನ ಕಡಿಮೆ ಮಾಡಿ ಸರಿದೂಗಿಸುತ್ತದೆ. ಭಾನುವಾರದಿಂದ ಶನಿವಾರದವರೆಗಿನ ವಾರದಲ್ಲಿ ಏಳು ದಿನದ ಮೊತ್ತ, ಅಂದರೆ ₹1750 ದಾಟುವುದಿಲ್ಲ.

ಗಾಬರಿಯಾಗಿ ಅವತ್ತೇ ಬಜೆಟ್ ಇಳಿಸಬೇಡಿ, ವಾರದ ಕೊನೆಗೆ ನೋಡಿ. ಭಯ ಹೋಗದಿದ್ದರೆ ಅಕೌಂಟ್‌ಗೆ ಖರ್ಚಿನ ಮಿತಿ ಹಾಕುವ ಅವಕಾಶ ಇದೆ, ಅದನ್ನು ಒಮ್ಮೆ ಇಟ್ಟುಬಿಡಿ. ಆ ಮೊತ್ತ ಮುಟ್ಟಿದ ಕೂಡಲೇ ಎಲ್ಲಾ ಜಾಹೀರಾತು ತಾನೇ ನಿಲ್ಲುತ್ತದೆ.

ರಾತ್ರಿ ಪಾರ್ಲರ್ ಮುಚ್ಚಿರುತ್ತೆ. ಆಗ ಜಾಹೀರಾತು ನಿಲ್ಲಿಸಿದ್ರೆ ದುಡ್ಡು ಉಳಿಯಲ್ವಾ?

ಬೇಡ. ಮನೆ ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ ಆರಾಮಾಗಿ ಫೋನ್ ಹಿಡಿಯುವುದು ರಾತ್ರಿಯೇ ತಾನೆ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ತಾನಾಗಿ ಹೋಗುವ ಉತ್ತರ ಇಡಿ: ಬೆಲೆ, ಪಾರ್ಲರ್‌ನ ಜಾಗ, ನಾಳೆ ಬೆಳಿಗ್ಗೆ ಹತ್ತಕ್ಕೆ ಮಾತಾಡುತ್ತೇವೆ ಎಂಬ ಒಂದು ಸಾಲು. ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ಮೊದಲು ಅದಕ್ಕೆ ಕೂರಿ.

## ಯಾರಿಗೆ ತೋರಿಸುವುದು

ಇಡೀ ಮೈಸೂರಿಗೆ ತೋರಿಸಿದ್ರೆ ಜಾಸ್ತಿ ಜನ ಬರ್ತಾರೆ ಅಲ್ವಾ? ಎಷ್ಟು ಕಿಲೋಮೀಟರ್ ಇಡಲಿ?

ಏರಿಯಾ ಪಾರ್ಲರ್‌ಗೆ ಮೊದಲ ಜಾಹೀರಾತಿನಲ್ಲಿ ದೂರಕ್ಕಿಂತ ದೊಡ್ಡ ಆಯ್ಕೆ ಇನ್ನೊಂದಿಲ್ಲ. ಇದನ್ನು ಸರಿ ಮಾಡಿದರೆ ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ.

ಮೈಸೂರು ಎಂದು ಊರಿನ ಹೆಸರು ಟೈಪ್ ಮಾಡಿದರೆ ಅದರ ಸುತ್ತ ಹತ್ತಾರು ಕಿಲೋಮೀಟರ್ ವೃತ್ತ ಸೇರಿಕೊಳ್ಳುತ್ತದೆ. ಅದರ ಬದಲು ಮ್ಯಾಪ್‌ನಲ್ಲಿ Drop Pin ಒತ್ತಿ, ನಿಮ್ಮ ಪಾರ್ಲರ್ ಇರುವ ರಸ್ತೆಯ ಮೇಲೇ ಪಿನ್ ಇಡಿ. ಪಿನ್ ಸುತ್ತ 1 ಕಿ.ಮೀ.ವರೆಗೂ ವೃತ್ತ ಇಳಿಸಬಹುದು. ನಮ್ಮ ಉದಾಹರಣೆಗೆ 3 ಕಿ.ಮೀ. ಸರಿ. ಸರಸ್ವತಿಪುರಂ, ರಾಮಕೃಷ್ಣನಗರ, ವಿವೇಕಾನಂದನಗರದ ಕಡೆಯವರು ಅಷ್ಟರಲ್ಲಿ ಸಿಗುತ್ತಾರೆ. ಅವರು ಸ್ಕೂಟಿಯಲ್ಲಿ ಹತ್ತು ನಿಮಿಷದಲ್ಲಿ ಬರುತ್ತಾರೆ. ಮೈಸೂರಿನದೇ ಆದರೂ ದೂರದ ಹೆಬ್ಬಾಳದಿಂದ ಒಬ್ಬರು ಫೇಶಿಯಲ್‌ಗೆಂದು ದಾರಿಯಲ್ಲಿರುವ ಪಾರ್ಲರ್‌ಗಳನ್ನೆಲ್ಲ ದಾಟಿಕೊಂಡು ಬರುತ್ತಾರಾ?

ಲೆಕ್ಕದಲ್ಲೂ ನೋಡಿ. 3 ಕಿ.ಮೀ. ವೃತ್ತದ ವಿಸ್ತೀರ್ಣ ಸುಮಾರು 28 ಚದರ ಕಿ.ಮೀ. 10 ಕಿ.ಮೀ. ವೃತ್ತದ್ದು ಸುಮಾರು 314. ಹನ್ನೊಂದು ಪಟ್ಟು ಜಾಗದಲ್ಲಿ ಅದೇ ₹250 ಹರಡಿಹೋಗುತ್ತದೆ. ನಿಮ್ಮ ಪಕ್ಕದ ಬೀದಿಯವರಿಗೆ ಜಾಹೀರಾತು ಒಮ್ಮೆಯೂ ಕಾಣದೆ ಹೋಗಬಹುದು. ದೊಡ್ಡ ವೃತ್ತದಲ್ಲಿ ಮೆಸೇಜ್ ಸಿಗುವ ಬೆಲೆ ಕೆಲವೊಮ್ಮೆ ಕಡಿಮೆ ಎಂದೇ ಕಾಣುತ್ತದೆ. ಅಲ್ಲೇ ಮೋಸ ಹೋಗುವುದು. ಮೆಸೇಜ್ ಅಗ್ಗ, ಆದರೆ ಎಲ್ಲಿದೆ ನಿಮ್ಮ ಪಾರ್ಲರ್ ಎಂದು ಕೇಳಿ, ಅಯ್ಯೋ ದೂರ ಆಯ್ತು ಎಂದು ಸುಮ್ಮನಾಗುವವರೇ ಹೆಚ್ಚು.

ಎಷ್ಟು ಕಿಲೋಮೀಟರ್ ಎಂಬುದಕ್ಕೆ ಉತ್ತರ ನಿಮ್ಮ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲೇ ಇದೆ. ಈಗ ಬರುತ್ತಿರುವವರ ಏರಿಯಾ ಬರೆದುಕೊಂಡು ಬನ್ನಿ. ಹತ್ತರಲ್ಲಿ ಎಂಟು ಜನ ಎಷ್ಟು ದೂರದೊಳಗಿನವರೋ ಅದೇ ನಿಮ್ಮ ವೃತ್ತ. ಬೆಂಗಳೂರಿನ ಟ್ರಾಫಿಕ್ ಇರುವ ಕಡೆ ಅದು 2 ಕಿ.ಮೀ. ಆಗಬಹುದು. ಒಂದೇ ಒಳ್ಳೆಯ ಪಾರ್ಲರ್ ಇರುವ ತಾಲ್ಲೂಕು ಊರಿನಲ್ಲಿ ಸುತ್ತಲಿನ ಹಳ್ಳಿಯವರೂ ಬರುವುದರಿಂದ 10, 15 ಕೂಡ ಸರಿಯೇ.

ವೃತ್ತ ರೈಲ್ವೆ ಹಳಿಯನ್ನೋ ಹೈವೇಯನ್ನೋ ದಾಟಿ ಆಚೆಗೆ ಹೋಗುತ್ತಿದ್ದರೆ, ಆ ಕಡೆಯಿಂದ ಜನ ಬರುವುದಿಲ್ಲ ಎಂದು ನಿಮಗೆ ಗೊತ್ತಿದ್ದರೆ, ಅಲ್ಲೊಂದು ಪಿನ್ ಇಟ್ಟು ಆ ಜಾಗವನ್ನು ಹೊರಗಿಡಿ ಎಂದು ಕೊಡಬಹುದು. ಇದನ್ನು ಮಾಡುವವರು ಕಡಿಮೆ, ಆದರೆ ಸಣ್ಣ ಬಜೆಟ್‌ಗೆ ತುಂಬಾ ಉಪಯೋಗ.

ಇಂಟರೆಸ್ಟ್‌ನಲ್ಲಿ ಬ್ಯೂಟಿ, ಮೇಕಪ್, ಸ್ಕಿನ್ ಕೇರ್ ಎಲ್ಲಾ ಸೇರಿಸ್ಲಾ?

3 ಕಿ.ಮೀ. ವೃತ್ತ ಹಾಕಿದ ಮೇಲೆ ಬೇಡ. ಜಾಗವೇ ಚಿಕ್ಕದು. ಅದರೊಳಗೆ ಮೇಕಪ್ ಇಷ್ಟಪಡುವವರು ಮಾತ್ರ ಎಂದು ಮತ್ತೆ ಜರಡಿ ಹಿಡಿದರೆ ಉಳಿಯುವ ಗುಂಪು ತೀರಾ ಸಣ್ಣದಾಗಿ ಮೆಸೇಜ್‌ನ ಬೆಲೆ ಏರುತ್ತದೆ. ಅಲ್ಲದೆ ಆ ಪಟ್ಟಿ ತಯಾರಾಗುವುದು ಜನ ಫೋನಿನಲ್ಲಿ ಏನು ನೋಡುತ್ತಾರೆ ಎಂಬುದರ ಮೇಲೆ. ತಿಂಗಳಿಗೊಮ್ಮೆ ತಪ್ಪದೆ ಕ್ಲೀನಪ್ ಮಾಡಿಸುವ ಬ್ಯಾಂಕ್ ಉದ್ಯೋಗಿಯೊಬ್ಬರು ಒಂದು ಮೇಕಪ್ ವಿಡಿಯೋವನ್ನೂ ನೋಡದೆ ಇರಬಹುದು. ನಿಮ್ಮ ಒಳ್ಳೆಯ ಕಸ್ಟಮರ್ ಅವರೇ, ಪಟ್ಟಿಯಿಂದ ಹೊರಗೆ ಉಳಿಯುವುದೂ ಅವರೇ.

ಲೇಡೀಸ್ ಪಾರ್ಲರ್ ನಮ್ದು, ಆದ್ರೂ ಗಂಡಸರ ಮೆಸೇಜ್ ಬರ್ತಿದೆ. ಏನು ಮಾಡ್ಲಿ?

ಇದು ನಿಜವಾದ ಕಿರಿಕಿರಿ. ಮನಸ್ಸಿಗೂ ಬೇಜಾರು, ದುಡ್ಡೂ ಹೋಗುತ್ತದೆ. ಕಾರಣ ಹೆಚ್ಚಾಗಿ ಒಂದೇ. ಯಾರಿಗೆ ತೋರಿಸಬೇಕು ಎಂಬುದನ್ನು ಮೆಟಾವೇ ಆರಿಸುವ Advantage+ audience ಚಾಲೂ ಇದ್ದಾಗ ನೀವು ಕೊಟ್ಟ ವಯಸ್ಸು, ಮಹಿಳೆಯರು ಎಂಬ ಆಯ್ಕೆ ಬರೀ ಸಲಹೆಯಾಗಿ ಉಳಿಯುತ್ತದೆ. ವ್ಯವಸ್ಥೆ ಅದನ್ನು ದಾಟಿ ಹೋಗಬಹುದು. ಆಡಿಯನ್ಸ್ ಭಾಗದಲ್ಲೇ ಅದನ್ನು ಬಿಟ್ಟು ಹಳೆಯ ಆಯ್ಕೆಗಳಿಗೆ ಹೋಗುವ, ಅಥವಾ ತಲುಪುವವರನ್ನು ಮಿತಿಗೊಳಿಸುವ ಲಿಂಕ್ ಇರುತ್ತದೆ. ಅಲ್ಲಿ ಮಹಿಳೆಯರು ಎಂದು ಕೊಟ್ಟರೆ ಅದು ಕಟ್ಟುನಿಟ್ಟು.

ವಯಸ್ಸು 18ರಿಂದ ಶುರುವಾಗಲಿ, ಮೇಲಿನ ಮಿತಿಯನ್ನು 35ಕ್ಕೆ ಕತ್ತರಿಸಬೇಡಿ. ಫೇಶಿಯಲ್‌ಗೆ, ಹೇರ್ ಕಲರ್‌ಗೆ ನಿಯಮಿತವಾಗಿ ಬಂದು ಚೌಕಾಸಿ ಮಾಡದೆ ಕೊಡುವವರಲ್ಲಿ ನಲವತ್ತು, ಐವತ್ತು ದಾಟಿದವರು ಬಹಳ ಇದ್ದಾರೆ. ಫೋಟೋ ಮೇಲೂ ಮಹಿಳೆಯರಿಗೆ ಮಾತ್ರ ಎಂದು ದೊಡ್ಡದಾಗಿ ಬರೆಯಿರಿ. ಯುನಿಸೆಕ್ಸ್ ಸಲೂನ್ ಆದರೆ ಈ ಯಾವ ಮಿತಿಯೂ ಬೇಡ.

ಭಾಷೆ ಅಂತ ಇರೋ ಕಡೆ ಕನ್ನಡ ಆರಿಸಿದ್ರೆ ನಮ್ಮೋರಿಗೆ ಮಾತ್ರ ಹೋಗುತ್ತಲ್ವಾ?

ಇಲ್ಲ. ಅದು ಮನೆಮಾತನ್ನು ನೋಡುವುದಿಲ್ಲ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಯಾವ ಭಾಷೆಯಲ್ಲಿ ಬಳಸುತ್ತಿದ್ದಾರೆ ಎಂಬುದನ್ನು ಮುಖ್ಯವಾಗಿ ನೋಡುತ್ತದೆ. ಮನೆಯಲ್ಲಿ ಅಚ್ಚ ಕನ್ನಡ ಮಾತಾಡುವ ಎಷ್ಟೋ ಜನರ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತದೆ. ಅಲ್ಲಿ ಕನ್ನಡ ಆರಿಸಿದರೆ ಅವರೆಲ್ಲ ಕೈಬಿಟ್ಟು ಹೋಗುತ್ತಾರೆ. ಆ ಜಾಗ ಖಾಲಿ ಬಿಡಿ. ಜಾಹೀರಾತಿನ ಮಾತು ಕನ್ನಡದಲ್ಲಿರಲಿ. ಓದಿದವರು ಕನ್ನಡದಲ್ಲೇ ಮೆಸೇಜ್ ಮಾಡುತ್ತಾರೆ.

ಮೊಡವೆ ಇರೋರಿಗೆ ಮಾತ್ರ ತೋರಿಸೋಕೆ ಆಗುತ್ತಾ?

ಆಗುವುದಿಲ್ಲ. ಹಾಗೆ ಬರೆಯುವುದಕ್ಕೂ ಬಿಡುವುದಿಲ್ಲ. ನಿಮ್ಮ ಮುಖ ತುಂಬಾ ಮೊಡವೆನಾ, ನೀವು ದಪ್ಪ ಇದ್ದೀರಾ ಎಂದು ಓದುವವರ ದೇಹವನ್ನು ಬೆರಳಿಟ್ಟು ತೋರಿಸುವ ಮಾತು ಮೆಟಾ ನಿಯಮಕ್ಕೆ ವಿರುದ್ಧ, ಜಾಹೀರಾತು ತಿರಸ್ಕಾರವಾಗುತ್ತದೆ. ಮೊಡವೆ ಚರ್ಮಕ್ಕೆ ಹೊಂದುವ ಕ್ಲೀನಪ್, ₹600, ಕುವೆಂಪುನಗರ ಎಂದು ಸರ್ವಿಸ್ ಬಗ್ಗೆ ಬರೆಯಿರಿ. ಬೇಕಾದವರು ತಾವೇ ಕೈ ಎತ್ತುತ್ತಾರೆ.

## ಜಾಹೀರಾತು ಓಡುತ್ತಿರುವಾಗ

ಮೂರು ದಿನ ಆಯ್ತು, ಒಂದೇ ಬುಕಿಂಗ್. ಫೋಟೋ ಬದಲಾಯಿಸ್ಲಾ, ಏರಿಯಾ ಬದಲಾಯಿಸ್ಲಾ?

ಏಳು ದಿನ ಕೈ ಹಾಕಬೇಡಿ. ಹೊಸ ಜಾಹೀರಾತು ಮೊದಲು ಕಲಿಕೆಯ ಹಂತದಲ್ಲಿರುತ್ತದೆ, ಪಟ್ಟಿಯಲ್ಲಿ Learning ಎಂದು ಕಾಣುತ್ತದೆ. ಯಾರು ಮೆಸೇಜ್ ಮಾಡುತ್ತಾರೆ ಎಂಬುದನ್ನು ವ್ಯವಸ್ಥೆ ಹುಡುಕುತ್ತಿರುತ್ತದೆ. ಅದು ನೆಲೆಗೊಳ್ಳಲು ವಾರದಲ್ಲಿ ಸುಮಾರು 50 ಮೆಸೇಜ್ ಬೇಕು. ನಾವು ವಾರಕ್ಕೆ 50 ಎಂದು ಲೆಕ್ಕ ಹಾಕಿದ್ದು ಇದಕ್ಕೂ ಹೊಂದುತ್ತದೆ. ನಡುವೆ ನೀವು ಏರಿಯಾ, ವಯಸ್ಸು, ಫೋಟೋ ಬದಲಿಸಿದರೆ ಕಲಿಕೆ ಮೊದಲಿನಿಂದ ಶುರು. ದಿನಾ ತಿದ್ದುವವರ ಜಾಹೀರಾತು ಕೊನೆಯವರೆಗೂ ಕಲಿಯುತ್ತಲೇ ಇರುತ್ತದೆ.

ಇದೇ ಕಾರಣಕ್ಕೆ ₹250ನ್ನು ಮೂರು ಗುಂಪಿಗೆ ಹಂಚಬೇಡಿ. ಕಾಲೇಜು ಹುಡುಗಿಯರಿಗೆ ₹80, ಗೃಹಿಣಿಯರಿಗೆ ₹80, ಕೆಲಸಕ್ಕೆ ಹೋಗುವವರಿಗೆ ₹90 ಎಂದು ಒಡೆದರೆ ಮೂರರಲ್ಲಿ ಯಾವುದೂ 50ರ ಹತ್ತಿರ ಹೋಗುವುದಿಲ್ಲ. ಒಂದೇ ಗುಂಪು, ಅದರೊಳಗೆ ಎರಡು ಬೇರೆ ಬೇರೆ ಫೋಟೋ, ಅಷ್ಟು ಸಾಕು.

ಕಾಯಬಾರದ ಸಂದರ್ಭಗಳೂ ಇವೆ. ಒಂದು ದಿನವಾದರೂ ಒಂದು ರೂಪಾಯಿಯೂ ಖರ್ಚಾಗಿಲ್ಲ ಎಂದರೆ ಪೇಮೆಂಟ್ ಅಥವಾ ಅನುಮತಿಯ ತೊಂದರೆ, ಆಗಲೇ ನೋಡಿ. ಬರುವ ಮೆಸೇಜ್ ಎಲ್ಲಾ ಬೇರೆ ಊರಿನವರದ್ದಾದರೆ ಪಿನ್ ತಪ್ಪಾಗಿದೆ, ಆಗಲೇ ನಿಲ್ಲಿಸಿ ಸರಿ ಮಾಡಿ.

ಮೆಸೇಜ್ ಬರ್ತಾನೇ ಇದೆ, ರೇಟ್ ಕೇಳ್ತಾರೆ, ಆಮೇಲೆ ಮಾತೇ ಇಲ್ಲ. ಆಡಿಯನ್ಸ್ ಸರಿಯಿಲ್ವಾ?

ಇರಬಹುದು, ಇಲ್ಲದೆಯೂ ಇರಬಹುದು. ಮೊದಲು ಎಣಿಸಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕುವ ಅವಕಾಶ ಇದೆ. ಜಾಹೀರಾತಿನಿಂದ ಬಂದವರು, ಸಮಯ ಕೊಟ್ಟವರು, ಬಂದು ಹೋದವರು, ದೂರ ಎಂದವರು, ರೇಟ್ ಕೇಳಿ ಬಿಟ್ಟವರು ಎಂದು ಬೇರೆ ಬೇರೆ ಲೇಬಲ್ ಇಡಿ. ವಾರದ ಕೊನೆಗೆ ಯಾವ ಲೇಬಲ್ ಉದ್ದ ಇದೆಯೋ ಅದೇ ಉತ್ತರ.

ದೂರ ಎಂದವರು ಜಾಸ್ತಿ ಇದ್ದರೆ ವೃತ್ತ ಚಿಕ್ಕದು ಮಾಡಿ, ಏರಿಯಾ ಹೆಸರನ್ನು ಫೋಟೋ ಮೇಲೇ ಬರೆಯಿರಿ. ರೇಟ್ ಕೇಳಿ ಬಿಟ್ಟವರು ಜಾಸ್ತಿ ಇದ್ದರೆ ಬೆಲೆಯನ್ನು ಜಾಹೀರಾತಿನಲ್ಲೇ ಹಾಕಿ. ಆಗ ಮೆಸೇಜ್ ಕಡಿಮೆಯಾಗುತ್ತದೆ, ಒಂದೊಂದರ ಬೆಲೆಯೂ ಏರುತ್ತದೆ, ಹೆದರಬೇಡಿ. ₹35ರ 50 ಮೆಸೇಜ್‌ನಿಂದ ಒಂಬತ್ತು ಜನ ಬರುವುದಕ್ಕಿಂತ ₹55ರ 32 ಮೆಸೇಜ್‌ನಿಂದ ಹನ್ನೊಂದು ಜನ ಬಂದರೆ ನಿಮಗೇ ಲಾಭ. ಎರಡರ ಖರ್ಚೂ ಹೆಚ್ಚುಕಡಿಮೆ ಒಂದೇ. ಇನ್ನು, ನಿಮ್ಮ ಉತ್ತರ ತಲುಪಿದ್ದು ಮೂರು ಗಂಟೆ ತಡವಾಗಿ ಎಂದಾದರೆ ತಪ್ಪು ಆಡಿಯನ್ಸ್‌ನದ್ದಲ್ಲ.

## ಮೊದಲ ಎರಡು ವಾರ ಮುಗಿದ ಮೇಲೆ

ಹಳೇ ಕಸ್ಟಮರ್‌ಗಳೂ ಆಫರ್ ನೋಡಿ ನಮಗೂ ಕೊಡಿ ಅಂತಾರೆ. ಅವರಿಗೆ ಕಾಣದ ಹಾಗೆ ಮಾಡ್ಬಹುದಾ?

ಅವರ ಫೋನ್ ನಂಬರ್ ಪಟ್ಟಿಯನ್ನು ಅಪ್‌ಲೋಡ್ ಮಾಡಿ ಹೊರಗಿಡಬಹುದು. ಆದರೆ ಕನಿಷ್ಠ 100 ಜನರ ಖಾತೆ ಹೊಂದಾಣಿಕೆಯಾಗಬೇಕು, ಹಾಗಾಗಿ ಪಟ್ಟಿ ಅದಕ್ಕಿಂತ ದೊಡ್ಡದೇ ಬೇಕು. ಅಪಾಯಿಂಟ್‌ಮೆಂಟ್‌ಗೆಂದು ಕೊಟ್ಟ ನಂಬರನ್ನು ಜಾಹೀರಾತಿಗೆ ಬಳಸಲು ಅವರ ಒಪ್ಪಿಗೆಯೂ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಇದರ ಗೋಜಿಗೆ ಹೋಗಬೇಡಿ. ಆಫರ್ ಅನ್ನು ವಾರದ ದಿನಗಳ 11ರಿಂದ 4ಕ್ಕೆ ಕಟ್ಟಿಹಾಕಿ, ಹಳಬರಿಗೂ ಕೊಡಿ. ಅವರು ಶನಿವಾರದ ಬದಲು ಬುಧವಾರ ಬಂದರೂ ನಿಮಗೆ ಒಳ್ಳೆಯದೇ.

ಬ್ರೈಡಲ್ ಮೇಕಪ್‌ಗೂ ಇದೇ ಸೆಟ್ಟಿಂಗ್ ನಡೆಯುತ್ತಾ?

ನಡೆಯುವುದಿಲ್ಲ, ಅದನ್ನು ಬೇರೆ ಕ್ಯಾಂಪೇನ್ ಮಾಡಿ. ಮದುವೆಗೆ ಮೇಕಪ್‌ನವರನ್ನು ಹುಡುಕುವಾಗ ಜನ ದೂರ ನೋಡುವುದಿಲ್ಲ, ನೀವೇ ಛತ್ರಕ್ಕೆ ಹೋಗುತ್ತೀರಿ. ಹಾಗಾಗಿ 20, 25 ಕಿ.ಮೀ. ಇಡಬಹುದು. ಅಮ್ಮ, ಅತ್ತಿಗೆ, ಅಕ್ಕ ಎಲ್ಲರೂ ಸೇರಿ ತೀರ್ಮಾನಿಸುವ ಕೆಲಸವಾದ್ದರಿಂದ ಹದಿಹರೆಯ ದಾಟಿದ ಹುಡುಗಿಯರಿಗಷ್ಟೇ ತೋರಿಸಿದರೆ ಸಾಲದು. ಒಂದು ಮೆಸೇಜ್‌ಗೆ ಕೊಡಬಹುದಾದ ಬೆಲೆಯೂ ಜಾಸ್ತಿ, ಬಿಲ್ಲು ಸಾವಿರಗಳಲ್ಲಿ ತಾನೆ.

ಸಮಯ ಮಾತ್ರ ನೋಡಿಕೊಳ್ಳಿ. ಆಷಾಢದಲ್ಲಿ ಮದುವೆ ಇಲ್ಲ ಎಂದು ಜಾಹೀರಾತು ನಿಲ್ಲಿಸುವವರಿದ್ದಾರೆ. ಶ್ರಾವಣದ ಮದುವೆಗೆ ಮಾತುಕತೆ ನಡೆಯುವುದು ಆಗಲೇ. ಧನುರ್ಮಾಸವೂ ಹಾಗೆಯೇ. ಮದುವೆ ನಡೆಯುವ ತಿಂಗಳಿಗಿಂತ ಒಂದೆರಡು ತಿಂಗಳು ಮೊದಲೇ ಕಾಣಿಸಿಕೊಳ್ಳಿ.

ಚೆನ್ನಾಗಿ ನಡೀತಿದೆ ಮೇಡಂ, ಬಜೆಟ್ ₹500 ಮಾಡ್ಲಾ?

ಒಂದೇ ಸಲ ದುಪ್ಪಟ್ಟು ಬೇಡ, ಕಲಿಕೆ ಮತ್ತೆ ಶುರುವಾಗಬಹುದು. ₹250ರಿಂದ ₹300, ಮೂರ್ನಾಲ್ಕು ದಿನ ಬಿಟ್ಟು ₹360, ಹೀಗೆ ಐದನೇ ಒಂದು ಭಾಗದಷ್ಟು ಏರಿಸುವುದು ಜಾಹೀರಾತಿನವರ ರೂಢಿ.

ಏರಿಸುವ ಮುನ್ನ Frequency ಎಂಬ ಕಾಲಂ ನೋಡಿ. ಒಬ್ಬರಿಗೆ ಸರಾಸರಿ ಎಷ್ಟು ಸಲ ಕಂಡಿದೆ ಎಂಬುದು ಅದು. ವಾರದಲ್ಲೇ ಮೂರು, ನಾಲ್ಕು ದಾಟಿ ಮೆಸೇಜ್‌ನ ಬೆಲೆಯೂ ಏರುತ್ತಿದ್ದರೆ ನಿಮ್ಮ 3 ಕಿ.ಮೀ. ಒಳಗಿನವರು ಅದೇ ಫೋಟೋ ನೋಡಿ ನೋಡಿ ಬೇಸತ್ತಿದ್ದಾರೆ. ಆಗ ಹಣ ಸೇರಿಸಿದರೆ ಅದೇ ಜನರಿಗೆ ಐದನೇ, ಆರನೇ ಸಲ ತೋರಿಸಿದಂತೆ. ಮೊದಲು ಫೋಟೋ ಬದಲಿಸಿ, ಇನ್ನೊಂದು ಸರ್ವಿಸ್ ಹಾಕಿ. ಅದಾದ ಮೇಲೂ ಕುರ್ಚಿ ಖಾಲಿ ಇದ್ದರೆ ವೃತ್ತವನ್ನು 4 ಕಿ.ಮೀ.ಗೆ ಹಿಗ್ಗಿಸಿ.

ವಾರದ ಮಧ್ಯಾಹ್ನಗಳೂ ತುಂಬಿದ್ದರೆ ಬಜೆಟ್ ಏರಿಸುವ ಮಾತೇ ಬೇಡ, ಜಾಹೀರಾತನ್ನು ನಿಲ್ಲಿಸಿ ಇಡಿ. ಮುಂದಿನ ತಿಂಗಳು ಪುಸ್ತಕದಲ್ಲಿ ಖಾಲಿ ಜಾಗ ಕಂಡ ವಾರ ಮತ್ತೆ ಚಾಲೂ ಮಾಡಬಹುದು.